ರಾಗಿಯ ಮೆಗ್ನೀಸಿಯಂ ಮತ್ತು ರಾತ್ರಿಯ ಕಾಲುಸೆಳೆತ

ಮಂಡ್ಯ ತಾಲ್ಲೂಕಿನ ದುದ್ದ ಮೊದಲಾದ ಕಡೆಗಳಲ್ಲಿ ನಡುರಾತ್ರಿ ಮೀನಖಂಡ ಹಿಡಿದು ಎಚ್ಚರಗೊಳ್ಳುವ ವೃದ್ಧರು ಕಡಮೆಯಿಲ್ಲ. ಇಂತಹ ಸೆಳೆತಕ್ಕೂ ನಿದ್ರೆಯ ಕೊರತೆಗೂ ಮೆಗ್ನೀಸಿಯಂ ಗುಳಿಗೆಯೇ ಮದ್ದೆಂಬ ನಂಬಿಕೆ ಈಚೆಗೆ ಹರಡಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಆಹಾರವನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಕೇವಲ 19 ಮಿಲಿಗ್ರಾಂ. ಈ ಅಂತರಕ್ಕೆ ಮುಖ್ಯ ಕಾರಣವು ಧಾನ್ಯವನ್ನು ಹಸನುಮಾಡುವ ಕ್ರಮದಲ್ಲಿದೆ. ಲವಣಾಂಶವು ಬಹುಮಟ್ಟಿಗೆ ಕಾಳಿನ ಹೊರಪದರದಲ್ಲಿಯೂ ಮೊಳಕೆಯಲ್ಲಿಯೂ ಇರುತ್ತದೆ. ಅಕ್ಕಿಯನ್ನು ಗಿರಣಿಯಲ್ಲಿ ಉಜ್ಜಿದಾಗ ಅದು ತೌಡಿನೊಡನೆ ಹೊರಟುಹೋಗುತ್ತದೆ. ರಾಗಿಯ ಕಾಳು ಬಹು ಸಣ್ಣದು, ಅದರ ಸಿಪ್ಪೆಯು ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುವುದು. ಆದಕಾರಣ ಅದನ್ನು ಸಿಪ್ಪೆಯೊಡನೆಯೇ ಬೀಸಲಾಗುತ್ತದೆ.

ಅಡಿಗೆಯ ಕ್ರಮವೂ ಗಮನಾರ್ಹವಾದುದು. ಮೆಗ್ನೀಸಿಯಂ ಕುದಿಸುವುದರಿಂದ ನಾಶವಾಗುವುದಿಲ್ಲ, ನೀರಿಗೆ ಇಳಿಯುತ್ತದೆ. ಅನ್ನದ ಗಂಜಿಯನ್ನು ಬಸಿದು ಚೆಲ್ಲಿದರೆ ಇದ್ದ ಅಲ್ಪಾಂಶದಲ್ಲಿಯೂ ಒಂದು ಭಾಗ ನಷ್ಟ. ಮುದ್ದೆಯಲ್ಲಿ ಚೆಲ್ಲುವ ನೀರೇ ಇಲ್ಲ. ಸೊಪ್ಪು ಕಾಳುಗಳನ್ನು ಬೇಯಿಸಿದ ಕಟ್ಟಿನಿಂದಲೇ ಬಸ್ಸಾರು ಮಾಡುವ ಈ ಸೀಮೆಯ ಪದ್ಧತಿಯಲ್ಲಿ ನೀರಿಗಿಳಿದ ಲವಣವೂ ಊಟದ ತಟ್ಟೆಗೇ ಬರುತ್ತದೆ.

ಒಂದು ದಿನದ ಊಟದ ಲೆಕ್ಕವನ್ನು ಪರಿಶೀಲಿಸಬಹುದು. 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ ಸುಮಾರು 290, 150 ಗ್ರಾಂ ಅಕ್ಕಿಯಿಂದ 30, 50 ಗ್ರಾಂ ಹುರುಳಿಯಿಂದ 75, 25 ಗ್ರಾಂ ಕಡಲೆಕಾಯಿಬೀಜದಿಂದ 50 ಮಿಲಿಗ್ರಾಂ, ಒಟ್ಟು ಸುಮಾರು 445. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಗೊತ್ತುಪಡಿಸಿದ ಪ್ರಮಾಣವು ಪುರುಷರಿಗೆ 440, ಸ್ತ್ರೀಯರಿಗೆ 370 ಮಿಲಿಗ್ರಾಂ. ಅದೇ ಮನೆಯಲ್ಲಿ ಮುದ್ದೆಯನ್ನು ಬಿಟ್ಟು 350 ಗ್ರಾಂ ಅಕ್ಕಿಯನ್ನೇ ಉಂಡರೆ ಮೊತ್ತವು 200 ಮಿಲಿಗ್ರಾಂಗೂ ಕೆಳಗಿಳಿಯುವುದು. ಇವು ಸರಾಸರಿಗಳು ಮಾತ್ರ. ತಿಂದುದರಲ್ಲಿ ದೇಹವು ಹೀರುವುದು ಮೂರನೆಯ ಒಂದು ಭಾಗದಷ್ಟು. ಧಾನ್ಯದ ಫೈಟಿಕ್ ಆಮ್ಲವು ಹೀರಿಕೆಯನ್ನು ತಗ್ಗಿಸುವುದಾದರೂ ನೆನೆಸಿ ಮೊಳಕೆ ಕಟ್ಟುವುದರಿಂದ ಆ ಆಮ್ಲವು ಕಡಮೆಯಾಗುವುದು.

ಇನ್ನು ಗುಳಿಗೆಯ ವಿಷಯ. ರಕ್ತದಲ್ಲಿ ಮೆಗ್ನೀಸಿಯಂ ಬಹಳ ಇಳಿದರೆ ನರಗಳು ಉದ್ರೇಕಗೊಂಡು ಮಾಂಸಖಂಡಗಳು ಸೆಡೆಯುವುದು ನಿಜ. ಆದರೆ ಇದರಿಂದ ಎಲ್ಲ ಸೆಳೆತಕ್ಕೂ ಇದೇ ಕಾರಣವೆಂದು ಹೇಳಲಾಗದು. ಇಸ್ರೇಲಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ರಾತ್ರಿಯ ಕಾಲುಸೆಳೆತವಿದ್ದ 94 ಮಂದಿಯಲ್ಲಿ ಕೆಲವರಿಗೆ ಮೆಗ್ನೀಸಿಯಂ ಆಕ್ಸೈಡನ್ನೂ ಉಳಿದವರಿಗೆ ನೋಟಕ್ಕೆ ಅದರಂತೆಯೇ ಇರುವ ಹುಸಿಗುಳಿಗೆಯನ್ನೂ ನಾಲ್ಕು ವಾರ ಕೊಡಲಾಯಿತು. ವಾರದ ಸೆಳೆತಗಳು ಮೊದಲ ಗುಂಪಿನಲ್ಲಿ ಸರಾಸರಿ 3.4ರಷ್ಟು, ಎರಡನೆಯದರಲ್ಲಿ 3.0ರಷ್ಟು ಕಡಮೆಯಾದುವು, ಈ ವ್ಯತ್ಯಾಸ ಗಣನೆಗೆ ಬರುವಂತಹುದಲ್ಲ. ಹುಸಿಗುಳಿಗೆಯ ಗುಂಪಿಲ್ಲದಿದ್ದರೆ ಔಷಧವೇ ಗುಣಕೊಟ್ಟಿತೆಂದು ಎಲ್ಲರೂ ತಿಳಿಯುತ್ತಿದ್ದರು. ಸೆಳೆತವು ತಾನಾಗಿ ಏರಿ ಇಳಿಯುವಂತಹುದು. ಬಹಳವಾದಾಗ ಮದ್ದು ತೊಡಗುವವನಿಗೆ ಇಳಿತವು ಮದ್ದಿನ ಫಲವೆಂದೇ ತೋರುವುದು. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2020ರ ಕಾಕ್ರೇನ್ ಸಮೀಕ್ಷೆಯೂ ವೃದ್ಧರ ಸೆಳೆತಕ್ಕೆ ಇದರಿಂದ ಗಣನೀಯ ಪ್ರಯೋಜನವಾಗುವ ಸಂಭವವಿಲ್ಲವೆಂದು ನಿರ್ಣಯಿಸಿತು. ಗರ್ಭಿಣಿಯರ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ.

ನಿದ್ರೆಯ ವಿಷಯದಲ್ಲಿ ಆಧಾರವು ಇನ್ನೂ ತೆಳುವಾದುದು. 2021ರ ಸಮೀಕ್ಷೆಯೊಂದಕ್ಕೆ ದೊರೆತುದು ಮೂರು ಪರೀಕ್ಷೆಗಳು, 151 ವೃದ್ಧರು ಮಾತ್ರ. ನಿದ್ರೆ ಹತ್ತುವ ಕಾಲವು ಸುಮಾರು 17 ನಿಮಿಷ ಕಡಮೆಯಾಯಿತಾದರೂ ಒಟ್ಟು ನಿದ್ರೆ ನಿಶ್ಚಯವಾಗಿ ಹೆಚ್ಚಿತೆಂದು ಹೇಳುವಂತಿರಲಿಲ್ಲ. ಪರೀಕ್ಷೆಗಳ ಗುಣಮಟ್ಟವೂ ಕೆಳದರ್ಜೆಯದಾಗಿತ್ತು.

ಹಾಗಾದರೆ ಗುಳಿಗೆ ಯಾರಿಗೆ ಬೇಕು? ದೀರ್ಘಕಾಲದ ಭೇದಿ, ಅತಿ ಮದ್ಯಪಾನ, ಮೂತ್ರವನ್ನು ಹೆಚ್ಚಿಸುವ ಕೆಲವು ಔಷಧಗಳು, ವರ್ಷಗಟ್ಟಲೆ ಸೇವಿಸಿದ ಕೆಲವು ಆಮ್ಲನಿರೋಧಕ ಔಷಧಗಳು, ಇವುಗಳಿಂದ ನಿಜವಾದ ಕೊರತೆ ಉಂಟಾದವರಿಗೆ ವೈದ್ಯರ ಸಲಹೆಯಂತೆ ಅದು ಅವಶ್ಯಕ. ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಸಿಯಂನಲ್ಲಿ ನೂರರಲ್ಲಿ ಒಂದು ಪಾಲೂ ರಕ್ತರಸದಲ್ಲಿ ಇರುವುದಿಲ್ಲವಾದುದರಿಂದ ರಕ್ತಪರೀಕ್ಷೆ ಸರಿಯಾಗಿದ್ದರೂ ಕೊರತೆ ಅಡಗಿರಬಹುದು. ರೋಗಿಯ ಆಹಾರ, ಔಷಧಗಳನ್ನೂ ವಿಚಾರಿಸಬೇಕಾಗುತ್ತದೆ. ಹೆಚ್ಚಾದ ಲವಣವನ್ನು ಹೊರಹಾಕುವುದು ಮೂತ್ರಪಿಂಡವೇ. ಅದು ಕೆಟ್ಟವರಿಗೆ ಗುಳಿಗೆಯು ಅಪಾಯಕರ. ಆರೋಗ್ಯವಂತರಲ್ಲಿ ಅತಿಯಾದರೆ ಭೇದಿಯಾಗುವುದು.

ಆದುದರಿಂದ ದುದ್ದದ ವೃದ್ಧನು ರಾತ್ರಿ ಕಾಲು ಹಿಡಿದಾಗ ಮಾಡಬೇಕಾದುದು, ಮಂಡಿಯನ್ನು ನೀಟಾಗಿಟ್ಟು ಪಾದದ ಬೆರಳುಗಳನ್ನು ತನ್ನ ಕಡೆಗೆ ಎಳೆದು ಮೀನಖಂಡವನ್ನು ಹಿಗ್ಗಿಸುವುದು. ಸೆಳೆತ ಪದೇಪದೇ ಬಂದರೆ ತಾನು ಸೇವಿಸುವ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸತಕ್ಕದ್ದು. ಮುದ್ದೆ, ಹುರುಳಿ, ಬಸ್ಸಾರುಗಳು ಕೊರತೆ ಬಾರದಂತೆ ಕಾಯಬಲ್ಲುವು. ಆದರೆ ಕೊರತೆಯೇ ಇಲ್ಲದವನ ಸೆಳೆತವನ್ನು ಗುಳಿಗೆಯಾಗಲಿ ಮುದ್ದೆಯಾಗಲಿ ನಿಲ್ಲಿಸುವುದೆಂದು ಹೇಳಲು ಆಧಾರವಿಲ್ಲ.