ಕರೆಂಟ್ ಹೋದ ಆ ಕ್ಷಣ

ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದಾಗ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನನ್ನ ಅರ್ಧ ದಿನದ ಲೆಕ್ಕಪತ್ರ ಒಮ್ಮೆ ಹೀಗೇ ಅಳಿಸಿಹೋಯಿತು. ಬ್ಯಾಟರಿ ತುಂಬಿತ್ತು, ತೊಂದರೆ ಇದ್ದದ್ದು ಬದಲಾವಣೆಯ ವೇಗದಲ್ಲಿ.

ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 15-20 ಮಿಲಿಸೆಕೆಂಡ್ ಮಾತ್ರ. ಸಾಮಾನ್ಯ ಯುಪಿಎಸ್ 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ. ಇನ್ವರ್ಟರ್ ಇದಕ್ಕಿಂತ ನಿಧಾನ. ಫ್ಯಾನು, ದೀಪಗಳಿಗೆ ಆ ವಿಳಂಬ ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಅಷ್ಟೇ ಸಾಕು.

ಹಾಗೆಂದು ಯುಪಿಎಸ್ ಒಂದನ್ನೇ ನಂಬಿ ಕೂರಲಾಗದು. 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. 120 ವಾಟ್ ಎಳೆಯುವ ಕಂಪ್ಯೂಟರಿಗೆ ಅದು ಹತ್ತಿಪ್ಪತ್ತು ನಿಮಿಷ ಬಂದರೆ ಹೆಚ್ಚು: ಕೆಲಸ ಸೇವ್ ಮಾಡಿ ಮುಚ್ಚುವಷ್ಟು. ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿ ಗಂಟೆಗಟ್ಟಲೆ ನಡೆಸುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಇನ್ವರ್ಟರಿನ ಹಿಂಭಾಗ ನೋಡಿ. ಎಷ್ಟೋ ಮಾದರಿಗಳಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಬದಲಾವಣೆ ಚುರುಕಾಗುತ್ತದೆ. ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೂ ಅದು ಬ್ಯಾಟರಿಗೆ ಹೊರಳುತ್ತದೆ. ಸಂಜೆ ದೀಪ ಮಂಕಾಗುವ ಊರುಗಳಲ್ಲಿ ಕರೆಂಟಿದ್ದೂ ಬ್ಯಾಟರಿ ಖಾಲಿಯಾಗುವುದು ಇದರಿಂದಲೇ. ಅಂಥಲ್ಲಿ ಸ್ವಿಚ್ಚನ್ನು ಸಾಮಾನ್ಯ ಮೋಡಿನಲ್ಲಿಟ್ಟು, ಇನ್ವರ್ಟರ್ ಲೈನಿಗೆ ಸಣ್ಣ ಯುಪಿಎಸ್ ಜೋಡಿಸುವುದನ್ನೇ ನಾನು ಹೇಳುತ್ತೇನೆ. ಇನ್ವರ್ಟರ್ ಮಾತ್ರ ಸೈನ್‌ವೇವ್‌ನದ್ದಾಗಿರಲಿ. ಲೇಸರ್ ಪ್ರಿಂಟರನ್ನು ಆ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಕೂಗಿ ನಿಂತುಬಿಡುತ್ತದೆ.