ಇವತ್ತಿನ ಮೊಡವೆ ಹುಟ್ಟಿದ್ದು ಎರಡು ತಿಂಗಳ ಹಿಂದೆ

ಕೋವಿಡ್ ಹೋಗಿ ಎಷ್ಟೋ ದಿನವಾದರೂ ತುಮಕೂರಿನ ಆ ಹುಡುಗ ಮಾಸ್ಕ್ ಬಿಟ್ಟಿರಲಿಲ್ಲ. ಓದುತ್ತಿದ್ದದ್ದು ದ್ವಿತೀಯ ಪಿಯುಸಿ, ವಯಸ್ಸು 17. ಕೆನ್ನೆ, ಗಲ್ಲದ ತುಂಬ ಕೀವು ತುಂಬಿದ ಮೊಡವೆ. ದವಡೆಯ ಅಂಚಿನಲ್ಲಿ ಮುಟ್ಟಿದರೆ ನೋಯುವ ಗಟ್ಟಿ ಗಂಟುಗಳು. ಕಾಲೇಜಿನ ಗ್ರೂಪ್ ಫೋಟೋ ದಿನ ಜ್ವರ ಅಂತ ಹೇಳಿ ಮನೆಯಲ್ಲೇ ಉಳಿದ.

ಔಷಧಿ ಮಾಡಿರಲಿಲ್ಲ ಅಂತಲ್ಲ. ಕಡಲೆಹಿಟ್ಟು, ನಿಂಬೆರಸ, ಟೂತ್‌ಪೇಸ್ಟ್ ಎಲ್ಲ ಆಗಿತ್ತು. ನಿಂಬೆರಸಕ್ಕೆ ಚರ್ಮ ಉರಿದು ಕಪ್ಪಾಯಿತು. ಕೊನೆಗೆ ಗೆಳೆಯನೊಬ್ಬ ಹೇಳಿದ ಟ್ಯೂಬನ್ನು ಮೆಡಿಕಲ್ ಶಾಪ್‌ನಿಂದ ತಂದು ಹಚ್ಚಿದ. ಒಂದೇ ವಾರದಲ್ಲಿ ಕೆಂಪು ಇಳಿಯಿತು, ಮುಖ ಬೆಳ್ಳಗೂ ಕಂಡಿತು. ಹಚ್ಚುವುದು ನಿಲ್ಲಿಸಿದ ಮೇಲೆ ಮೊದಲಿಗಿಂತ ಹೆಚ್ಚು ಮೊಡವೆ ಎದ್ದವು. ಮತ್ತೆ ಹಚ್ಚಿದ. ಹೀಗೇ ಹಲವು ತಿಂಗಳು ಕಳೆದವು.

ಅಮ್ಮ ಬಲವಂತ ಮಾಡಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಮೊದಲು ಕೇಳಿದ್ದು, "ಏನೇನು ಹಚ್ಚಿದ್ದೀಯಪ್ಪಾ? ಟ್ಯೂಬ್ ಇದ್ರೆ ತೋರ್ಸು" ಅಂತ. ಹುಡುಗ ಬ್ಯಾಗಿನಿಂದ ತೆಗೆದುಕೊಟ್ಟ. ಡಾಕ್ಟರು ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದರು: ಕ್ಲೊಬೆಟಸಾಲ್. ಅದೊಂದು ಬಲವಾದ ಸ್ಟೀರಾಯ್ಡ್. ಊತವನ್ನು ಅದುಮಿಡುತ್ತದೆ, ಅದಕ್ಕೇ ಮೊದಲ ವಾರ ಗುಣವಾದಂತೆ ಕಾಣುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಸ್ಟೀರಾಯ್ಡೇ ಹೊಸ ಮೊಡವೆ ಎಬ್ಬಿಸುತ್ತದೆ.

"ಎಷ್ಟು ದಿನಕ್ಕೆ ಹೋಗುತ್ತೆ ಮೇಡಂ? ಮುಂದಿನ ತಿಂಗಳು ಅಕ್ಕನ ಮದುವೆ."

"ಮದುವೆಗೆ ಆಗಲ್ಲ" ಎಂದರು ಡಾಕ್ಟರು, ಒಂಚೂರೂ ಸಕ್ಕರೆ ಬೆರೆಸದೆ.

ಯಾಕೆ ಆಗಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ವಿಷಯ. ಹರೆಯದ ಹಾರ್ಮೋನುಗಳಿಂದ ಚರ್ಮದ ಎಣ್ಣೆ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಕೂದಲಿನ ಬುಡದ ರಂಧ್ರದಲ್ಲಿ ಸತ್ತ ಜೀವಕೋಶಗಳು ಆ ಜಿಡ್ಡಿಗೆ ಅಂಟಿ ಬಿರಡೆ ಕಟ್ಟುತ್ತವೆ. ಒಳಗೆ ಸಿಕ್ಕಿಕೊಂಡ ಬ್ಯಾಕ್ಟೀರಿಯಾ ಬೆಳೆದು ಊತ ಬರುತ್ತದೆ. ಬಿರಡೆ ಕಟ್ಟಿದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಗುಳ್ಳೆಯಾಗಿ ಮೇಲೆ ಬರಲು ವಾರಗಟ್ಟಲೆ, ಕೆಲವೊಮ್ಮೆ ಎರಡು ತಿಂಗಳು ಹಿಡಿಯುತ್ತದೆ. ಇವತ್ತು ಶುರುಮಾಡಿದ ಔಷಧಿ ಮುಖ್ಯವಾಗಿ ತಡೆಯುವುದು ಇನ್ನೂ ಕಾಣದ ಮೊಡವೆಗಳನ್ನು. ಈಗಾಗಲೇ ದಾರಿಯಲ್ಲಿರುವವು ಬಂದೇ ಬರುತ್ತವೆ. ಎಣ್ಣೆತಿಂಡಿ ಬಿಡು, ಮುಖ ಚೆನ್ನಾಗಿ ಉಜ್ಜಿ ತೊಳಿ ಎನ್ನುವ ನೆಂಟರ ಸಲಹೆಗೆ ಈ ಬಿರಡೆ ಜಗ್ಗುವುದಿಲ್ಲ. ಉಜ್ಜಿದರೆ ಊತ ಹೆಚ್ಚುತ್ತದೆ ಅಷ್ಟೆ.

ಡಾಕ್ಟರು ಟ್ಯೂಬ್ ನಿಲ್ಲಿಸಿಸಿ ರಾತ್ರಿಗೆ ಅಡಾಪಲೀನ್ ಜೆಲ್ ಬರೆದರು. ಒಂದು ಬಟಾಣಿ ಕಾಳಿನಷ್ಟನ್ನು ಗುಳ್ಳೆಗೆ ಮಾತ್ರವಲ್ಲ, ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಮೊದಮೊದಲು ದಿನ ಬಿಟ್ಟು ದಿನ. ಬೆಳಿಗ್ಗೆಗೆ ಬೆಂಜಾಯಿಲ್ ಪೆರಾಕ್ಸೈಡ್, ಜೊತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ. ಮಾತ್ರೆಯನ್ನು ಲೋಟ ತುಂಬ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ.

ಮೂರನೇ ವಾರ ಹುಡುಗ ಕೈಬಿಡುವುದರಲ್ಲಿದ್ದ. ಮುಖ ಸಿಪ್ಪೆ ಏಳುತ್ತಿತ್ತು, ಮೊಡವೆ ಹೆಚ್ಚಾದಂತಿತ್ತು, ಸಾಲದ್ದಕ್ಕೆ ಅಮ್ಮನ ಹೊಸ ಮೆರೂನ್ ದಿಂಬಿನ ಕವರಿನಲ್ಲಿ ಬಿಳಿ ಕಲೆಗಳು. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ಫೋನ್ ಮಾಡಿದಾಗ ಡಾಕ್ಟರು, "ಚರ್ಮ ಒಗ್ಗೋವರೆಗೆ ಹೀಗೇ ಇರುತ್ತೆ. ಜೆಲ್‌ಗಿಂತ ಮೊದಲು ಮಾಯಿಶ್ಚರೈಸರ್ ಹಚ್ಕೋ, ನಿಲ್ಲಿಸ್ಬೇಡ" ಎಂದರು. ಅಕ್ಕನ ಮದುವೆಗೆ ಮೊಡವೆಯ ಮುಖದಲ್ಲೇ ಹೋದ.

ಹನ್ನೆರಡು ವಾರದ ಹೊತ್ತಿಗೆ ಹೊಸ ಗುಳ್ಳೆಗಳು ಕಡಿಮೆಯಾಗಿದ್ದವು. ಆದರೆ ದವಡೆಯ ಗಂಟುಗಳು ಹೋಗಿರಲಿಲ್ಲ, ಕೆನ್ನೆಯಲ್ಲಿ ಸಣ್ಣ ಹೊಂಡಗಳು ಬೀಳತೊಡಗಿದ್ದವು. ಹೊಂಡ ಬೀಳುವ ಲಕ್ಷಣ ಕಂಡರೆ ತಜ್ಞರು ತಡಮಾಡುವುದಿಲ್ಲ. ಡಾಕ್ಸಿಸೈಕ್ಲಿನ್ ನಿಲ್ಲಿಸಿ, ಲಿವರ್ ಮತ್ತು ಕೊಬ್ಬಿನಂಶದ ರಕ್ತಪರೀಕ್ಷೆ ಮಾಡಿಸಿ ಐಸೊಟ್ರೆಟಿನಾಯಿನ್ ಶುರುಮಾಡಿದರು. ಮೈತೂಕದ ಪ್ರತಿ ಕಿಲೋಗೆ ಒಟ್ಟು ಸುಮಾರು 120 ಮಿಲಿಗ್ರಾಂ ಸೇರಬೇಕು ಎಂಬುದು ರೂಢಿಯ ಲೆಕ್ಕ. 50 ಕಿಲೋ ತೂಕದ ಹುಡುಗನಿಗೆ 6,000 ಮಿಲಿಗ್ರಾಂ. ದಿನಕ್ಕೆ 20ರಂತೆ 300 ದಿನ. ಈ ಸಲ ಹುಡುಗ ಎಷ್ಟು ದಿನ ಎಂದು ಕೇಳಲಿಲ್ಲ, ತಾನೇ ಭಾಗಾಕಾರ ಮಾಡಿದ.

ತುಟಿ ಒಡೆಯಿತು, ವ್ಯಾಸಲೀನ್ ಡಬ್ಬಿ ಜೇಬಿನಲ್ಲೇ ಇತ್ತು. ಐದಾರು ತಿಂಗಳಿಗೆ ಗಂಟುಗಳು ಕರಗಿದವು. ಕಪ್ಪು ಕಲೆಗಳು ನಮ್ಮ ಬಣ್ಣದ ಚರ್ಮದಲ್ಲಿ ಮಾಯಲು ತಿಂಗಳುಗಳೇ ಬೇಕು, ಅವು ನಿಧಾನವಾಗಿ ತಿಳಿಯಾದವು. ಹೊಂಡಗಳು ಉಳಿದವು. ಅವಕ್ಕೆ ಬೇರೆ ಚಿಕಿತ್ಸೆ ಇದೆ, ಆದರೆ ಪೂರ್ತಿ ಸಮ ಮಾಡುವುದು ಯಾವುದೂ ಇಲ್ಲ.

ಐಸೊಟ್ರೆಟಿನಾಯಿನ್ ಅನ್ನು ಹುಡುಗಿಯರು ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳಲೇಬಾರದು. ಆ ಅವಧಿಯಲ್ಲಿ ಗರ್ಭ ನಿಂತರೆ ಮಗುವಿಗೆ ಗಂಭೀರ ಅಂಗದೋಷ ಆಗಬಹುದು. ಇನ್ನು ಮನೆಯಲ್ಲಿ ಮೊಡವೆಗೋ ಬಿಳುಪಿಗೋ ತಂದ ಟ್ಯೂಬ್ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಕ್ಲೊಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವುದೇ ಹೆಸರಿದ್ದರೂ ಹೊಸದಾಗಿ ಮುಖಕ್ಕೆ ಹಚ್ಚಲು ಹೋಗಬೇಡಿ. ಆಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ, ಟ್ಯೂಬ್ ಸಮೇತ ಚರ್ಮದ ಡಾಕ್ಟರನ್ನು ಕಾಣಿ.