ಹೊಸ ಷೇರು ಕೊಳ್ಳದೇ ರಿಸ್ಕ್ ಜಾಸ್ತಿಯಾಗೋದು ಹೇಗೆ? ಬೀಟಾ ಲೆಕ್ಕ

ಒಂದು ವರ್ಷದಿಂದ ನೀವು ಒಂದೂ ಹೊಸ ಷೇರು ಕೊಂಡಿಲ್ಲ. ಹಾಗಿದ್ರೂ ಮಾರ್ಕೆಟ್ ಬಿದ್ದಾಗ ಆಗೋ ಪೆಟ್ಟು ಮೊದಲಿಗಿಂತ ದೊಡ್ಡದಾಗಿರಬಹುದು. ಇದನ್ನ ಮೊದಲೇ ತೋರಿಸೋ ಸಂಖ್ಯೆ ಬೀಟಾ. ನಿಫ್ಟಿ ಶೇ 1ರಷ್ಟು ಕದಲಿದಾಗ ನಿಮ್ಮ ಷೇರು ಸಾಮಾನ್ಯವಾಗಿ ಎಷ್ಟು ಕದಲುತ್ತೆ ಅನ್ನೋದೇ ಬೀಟಾ. 1.5 ಇದ್ರೆ ಸುಮಾರು ಒಂದೂವರೆ ಪಟ್ಟು ಅಂತ ಅರ್ಥ.

ಲೆಕ್ಕಕ್ಕೆ ಗೂಗಲ್ ಶೀಟ್ಸ್ ಸಾಕು. ಎರಡು ವರ್ಷದ, ಅಂದ್ರೆ 104 ವಾರಗಳ ಏರಿಳಿತವನ್ನ ಶೇಕಡಾವಾರು ಬರೆದುಕೊಳ್ಳಿ. A ಕಾಲಂನಲ್ಲಿ ನಿಫ್ಟಿ, B ಕಾಲಂನಲ್ಲಿ ಷೇರು.

```
=SLOPE(B2:B105, A2:A105)
```

ಷೇರು ಮೊದಲು, ನಿಫ್ಟಿ ಆಮೇಲೆ. ಅದಲು ಬದಲಾದ್ರೆ ಉತ್ತರ ತಪ್ಪುತ್ತೆ. ಶೇಕಡಾವಾರು ಬದಲು ಬೆಲೆಯನ್ನೇ ಹಾಕಿದ್ರೂ ಅಷ್ಟೇ.

ಈಗ ಒಂದು ಉದಾಹರಣೆ. ಮೂರು ಷೇರುಗಳಲ್ಲಿ ಒಟ್ಟು 1 ಲಕ್ಷ ರೂಪಾಯಿ ಇದೆ ಅಂದ್ಕೊಳ್ಳಿ. ಮೊದಲನೆಯದರಲ್ಲಿ 40,000, ಬೀಟಾ 0.6. ಎರಡನೆಯದರಲ್ಲಿ 30,000, ಬೀಟಾ 1. ಮೂರನೆಯದರಲ್ಲಿ 30,000, ಬೀಟಾ 1.5. ಪ್ರತಿ ಮೊತ್ತವನ್ನ ಅದರ ಬೀಟಾದಿಂದ ಗುಣಿಸಿ ಕೂಡಿದ್ರೆ 99,000. ಅದನ್ನ 1 ಲಕ್ಷದಿಂದ ಭಾಗಿಸಿದ್ರೆ 0.99. ಹೆಚ್ಚುಕಮ್ಮಿ ನಿಫ್ಟಿಯಷ್ಟೇ.

ವರ್ಷ ಕಳೀತು. ಮೊದಲನೆಯದು ಅಲ್ಲೇ ಇದೆ, ಎರಡನೆಯದು 36,000 ಆಯ್ತು, ಮೂರನೆಯದು ಡಬಲ್ ಆಗಿ 60,000 ಮುಟ್ಟಿತು. ಅದರ ಬೀಟಾ ಕೂಡ 1.8ಕ್ಕೆ ಏರಿತು. ಈಗ 1,68,000 ಭಾಗಿಸು 1,36,000, ಅಂದ್ರೆ 1.24. ನಿಫ್ಟಿ ಶೇ 10 ಬಿದ್ರೆ ಮೊದಲು ಸುಮಾರು 9,900 ರೂಪಾಯಿ ಹೋಗ್ತಿತ್ತು, ಈಗ 16,800. ಗೆದ್ದ ಷೇರೇ ಇಡೀ ಪೋರ್ಟ್‌ಫೋಲಿಯೊವನ್ನ ತನ್ನ ಕಡೆ ಎಳೆದುಕೊಂಡಿದೆ.

ಇದಕ್ಕೇ ಅಲರ್ಟ್ ಬೇಕು. ಒಟ್ಟು ಬೀಟಾ D2ನಲ್ಲಿದ್ರೆ:

```
=IF(D2>1.2, "ಎಚ್ಚರ", "ಸರಿ")
```

1.2 ಅನ್ನೋದು ನಿಯಮವಲ್ಲ. ಎಷ್ಟು ನಷ್ಟ ತಡ್ಕೋತೀರಿ ಅನ್ನೋದರ ಮೇಲೆ ನೀವೇ ಮಿತಿ ಹಾಕ್ಕೊಳ್ಳಿ. ಬೀಟಾ 1.19, 1.21 ಅಂತ ಓಲಾಡ್ತಿದ್ರೆ ಅಲರ್ಟ್ ಬಂದು ಹೋಗಿ ತಲೆ ತಿನ್ನುತ್ತೆ. ಹಾಗಾಗಿ ಸತತ ಎರಡು ವಾರ ಮಿತಿ ದಾಟಿದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ, 1.1ಕ್ಕಿಂತ ಕೆಳಗೆ ಇಳಿದ ಮೇಲೇ ಆರಾಮಾಗಿ.

ಅಲರ್ಟ್ ಬಂದ್ರೆ? ಮೂರನೇ ಷೇರಿನಿಂದ 20,000 ತೆಗೆದು, ಬೀಟಾ ಹೆಚ್ಚುಕಮ್ಮಿ ಸೊನ್ನೆ ಇರೋ ಲಿಕ್ವಿಡ್ ಫಂಡ್‌ಗೆ ಹಾಕಿದ್ರೆ ಒಟ್ಟು 0.97ಕ್ಕೆ ಇಳಿಯುತ್ತೆ. ಮಾರಿದ್ರೆ ಲಾಭದ ಮೇಲೆ ತೆರಿಗೆ ಬರಬಹುದು. ಅದು ಬೇಡ ಅಂದ್ರೆ ಮುಂದಿನ ಹಣವನ್ನ ಕಡಿಮೆ ಬೀಟಾ ಕಡೆ ಹಾಕ್ತಾ ಹೋಗಿ, ನಿಧಾನಕ್ಕೆ ಇಳಿಯುತ್ತೆ.

ಕೊನೆಗೊಂದು ಮೋಸದ ಜಾಗ. ಅಪರೂಪಕ್ಕೆ ಕೈಬದಲಾಗೋ ಸಣ್ಣ ಕಂಪನಿ ಷೇರಿನ ಬೆಲೆ ಎಷ್ಟೋ ದಿನ ಕದಲೋದೇ ಇಲ್ಲ. ಆಗ ಬೀಟಾ 0.4 ಅಂತ ಬಂದು ಸುರಕ್ಷಿತ ಅನ್ನಿಸುತ್ತೆ. ಅದೇ ಸಾಲುಗಳಿಗೆ `RSQ` ಹಾಕಿ ನೋಡಿ. ಉತ್ತರ 0.1ರ ಆಸುಪಾಸು ಇದ್ರೆ, ಆ ಷೇರಿನ ಏರಿಳಿತಕ್ಕೂ ನಿಫ್ಟಿಗೂ ನಂಟು ತೀರಾ ಕಮ್ಮಿ. ಅದರ ಬೀಟಾ ನಂಬಿ ಕೂರಬೇಡಿ.